ಒಂದೇ ಪಾಠ, ಎರಡು ಸೆಕ್ಷನ್: ಗ್ರೇಡಿನ ಅಂತರ ಆಕಸ್ಮಿಕವೇ?

ಫಲಿತಾಂಶ ಬಂದ ವಾರ ಪದವಿ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ತಪ್ಪದೆ ಕೇಳಿಬರುವ ದೂರೊಂದಿದೆ. ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಆದರೂ ಒಂದು ಸೆಕ್ಷನ್‌ನವರಿಗೆ ಒಳ್ಳೆಯ ಗ್ರೇಡುಗಳು ಸಿಕ್ಕಿವೆ, ಇನ್ನೊಂದು ಸೆಕ್ಷನ್‌ನಲ್ಲಿ ಫೇಲಾದವರು ಹೆಚ್ಚು. "ಸಾರ್, ನಮ್ಮ ಸೆಕ್ಷನ್‌ಗೆ ಅನ್ಯಾಯ ಆಗಿದೆ" ಎಂದು ಹುಡುಗರು ಬರುತ್ತಾರೆ. "ಪ್ರತಿ ವರ್ಷ ಸ್ವಲ್ಪ ಹೆಚ್ಚುಕಮ್ಮಿ ಇದ್ದದ್ದೇ ಕಣಪ್ಪಾ" ಎಂದು ಮೇಷ್ಟ್ರು ಸಮಾಧಾನ ಹೇಳಿ ಕಳಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯ ಇರಬಹುದು. ಆದರೆ ಎಷ್ಟು ಅಂತರವನ್ನು ಇದ್ದದ್ದೇ ಎಂದು ಬಿಡಬಹುದು, ಎಷ್ಟಾದರೆ ವಿಚಾರಿಸಲೇಬೇಕು? ಇದನ್ನು ಲೆಕ್ಕ ಹಾಕಿ ಹೇಳುವ ದಾರಿಯೇ ಕೈ-ಸ್ಕ್ವೇರ್ ಪರೀಕ್ಷೆ. ಪೇಪರು, ಪೆನ್ನು ಹಿಡಿದು ಅರ್ಧ ಗಂಟೆ ಕೂತರೆ ಯಾರು ಬೇಕಾದರೂ ಮಾಡಬಹುದು. ಆದರೆ ಅದು ಕೊಡುವ ಉತ್ತರವನ್ನು ಓದುವಾಗ ಎಚ್ಚರ ಬೇಕು, ಮತ್ತು ಹೆಚ್ಚಿನವರು ಎಡವುವುದು ಅಲ್ಲಿಯೇ.

ವಿವರಿಸುವುದಕ್ಕಾಗಿ ನಾನೇ ಕಟ್ಟಿದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿ.ಕಾಂ. ತರಗತಿಯ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರು. ಬೆಳಗಿನ ಸೆಕ್ಷನ್‌ನಲ್ಲಿ 66 ಜನ, ಮಧ್ಯಾಹ್ನದ ಸೆಕ್ಷನ್‌ನಲ್ಲಿ 54 ಜನ, ಒಟ್ಟು 120. ಲೆಕ್ಕ ಸರಳವಾಗಿರಲೆಂದು ಗ್ರೇಡುಗಳನ್ನು ನಾಲ್ಕು ಗುಂಪು ಮಾಡಿದ್ದೇನೆ. ಓ ಮತ್ತು ಎ ಸೇರಿ ಮೇಲಿನ ಗುಂಪು, ಆಮೇಲೆ ಬಿ, ಸಿ, ಕೊನೆಗೆ ಫೇಲ್.

| ಗ್ರೇಡು | ಬೆಳಗಿನ ಸೆಕ್ಷನ್ | ಮಧ್ಯಾಹ್ನದ ಸೆಕ್ಷನ್ | ಒಟ್ಟು |
|---|---|---|---|
| ಓ ಮತ್ತು ಎ | 15 | 5 | 20 |
| ಬಿ | 25 | 15 | 40 |
| ಸಿ | 19 | 21 | 40 |
| ಫೇಲ್ | 7 | 13 | 20 |
| ಒಟ್ಟು | 66 | 54 | 120 |

ಮೇಲ್ನೋಟಕ್ಕೆ ಅಂತರ ದೊಡ್ಡದಾಗಿಯೇ ಕಾಣುತ್ತದೆ. ಬೆಳಗಿನವರಲ್ಲಿ ನೂರಕ್ಕೆ ಸುಮಾರು 11 ಜನ ಫೇಲ್, ಮಧ್ಯಾಹ್ನದವರಲ್ಲಿ ನೂರಕ್ಕೆ 24. ಇಷ್ಟು ಸಾಕಲ್ಲ ಎನ್ನಿಸಬಹುದು. ಆದರೆ ಈ 120 ಜನರ ಗ್ರೇಡುಗಳನ್ನು ಚೀಟಿಗಳಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ 66 ಚೀಟಿಗಳನ್ನು ಬೆಳಗಿನವರಿಗೆ, ಉಳಿದ 54ನ್ನು ಮಧ್ಯಾಹ್ನದವರಿಗೆ ಹಂಚಿದರೂ ಎರಡು ಕಡೆ ಸಮಸಮ ಬರುವುದಿಲ್ಲ. ಯಾರ ಪಕ್ಷಪಾತವೂ ಇಲ್ಲದೆ, ಯಾರ ಪಾಠದ ಗುಣವೂ ಸೇರದೆ, ಬರೀ ಹಂಚಿಕೆಯಿಂದಲೇ ಒಂದಷ್ಟು ಏರುಪೇರು ಹುಟ್ಟುತ್ತದೆ. ನಮ್ಮ ಪ್ರಶ್ನೆ ಇಷ್ಟೇ: ಈಗ ಕಾಣುತ್ತಿರುವಷ್ಟು ಏರುಪೇರು ಬರೀ ಹಂಚಿಕೆಯಿಂದ ಎಷ್ಟು ಸಲ ಬಂದೀತು?

ಮೊದಲ ಹೆಜ್ಜೆಯಲ್ಲಿ, ಸೆಕ್ಷನ್‌ಗಳ ನಡುವೆ ಏನೂ ವ್ಯತ್ಯಾಸ ಇಲ್ಲದಿದ್ದರೆ ಪ್ರತಿ ಮನೆಯಲ್ಲಿ ಎಷ್ಟು ಜನ ಇರಬೇಕಿತ್ತು ಎಂದು ಕಂಡುಕೊಳ್ಳಬೇಕು. ಇದಕ್ಕೆ ನಿರೀಕ್ಷಿತ ಸಂಖ್ಯೆ ಎನ್ನುತ್ತಾರೆ. ಆ ಸಾಲಿನ ಒಟ್ಟನ್ನು ಆ ಸೆಕ್ಷನ್‌ನ ಒಟ್ಟಿನಿಂದ ಗುಣಿಸಿ 120ರಿಂದ ಭಾಗಿಸಿದರೆ ಅದು ಸಿಗುತ್ತದೆ. ಮೇಲಿನ ಗುಂಪಿನಲ್ಲಿ ಒಟ್ಟು 20 ಜನ, ಬೆಳಗಿನ ಸೆಕ್ಷನ್‌ನಲ್ಲಿ 66 ಜನ. 20ನ್ನು 66ರಿಂದ ಗುಣಿಸಿ 120ರಿಂದ ಭಾಗಿಸಿದರೆ 11. ಅಂದರೆ ಬೆಳಗಿನವರಲ್ಲಿ 11 ಜನಕ್ಕೆ ಓ ಅಥವಾ ಎ ಬರಬೇಕಿತ್ತು, ಬಂದದ್ದು 15 ಜನಕ್ಕೆ. ಮಧ್ಯಾಹ್ನದವರಲ್ಲಿ 9 ನಿರೀಕ್ಷೆ, ಬಂದದ್ದು 5. ಬಿ ಮತ್ತು ಸಿ ಸಾಲುಗಳಲ್ಲಿ ನಿರೀಕ್ಷೆ 22 ಮತ್ತು 18. ಫೇಲ್ ಸಾಲಿನಲ್ಲಿ ಮತ್ತೆ 11 ಮತ್ತು 9.

ಈಗ ಪ್ರತಿ ಮನೆಯಲ್ಲೂ ಬಂದದ್ದರಿಂದ ನಿರೀಕ್ಷಿತವನ್ನು ಕಳೆದು, ಆ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತದಿಂದಲೇ ಭಾಗಿಸಬೇಕು. ವರ್ಗ ಮಾಡುವುದು ಹೆಚ್ಚಾದದ್ದೂ ಕಡಿಮೆಯಾದದ್ದೂ ಒಂದನ್ನೊಂದು ಹೊಡೆದುಹಾಕದಿರಲಿ ಎಂದು. ಭಾಗಿಸುವುದಕ್ಕೂ ಕಾರಣವಿದೆ. 11 ಜನ ಇರಬೇಕಾದ ಕಡೆ ನಾಲ್ಕು ಜನ ಹೆಚ್ಚಾದರೆ ಅದು ದೊಡ್ಡ ವಿಷಯ, 110 ಜನ ಇರಬೇಕಾದ ಕಡೆ ನಾಲ್ಕು ಹೆಚ್ಚಾದರೆ ಗಮನಕ್ಕೂ ಬರುವುದಿಲ್ಲ. ಬೆಳಗಿನವರ ಮೇಲಿನ ಗುಂಪಿನಲ್ಲಿ ವ್ಯತ್ಯಾಸ 4, ವರ್ಗ 16, 11ರಿಂದ ಭಾಗಿಸಿದರೆ 1.45. ಮಧ್ಯಾಹ್ನದವರಲ್ಲಿ 16ನ್ನು 9ರಿಂದ ಭಾಗಿಸಿದರೆ 1.78. ಬಿ ಮತ್ತು ಸಿ ಸಾಲುಗಳಲ್ಲಿ ವ್ಯತ್ಯಾಸ ಮೂರು ಮೂರು, ಆದ್ದರಿಂದ ಪ್ರತಿ ಸಾಲಿಗೂ 0.41 ಮತ್ತು 0.50. ಫೇಲ್ ಸಾಲಿನಲ್ಲಿ ಪುನಃ 1.45 ಮತ್ತು 1.78. ಎಂಟೂ ಮನೆಗಳನ್ನು ಕೂಡಿದರೆ 8.28. ಇದೇ ಕೈ-ಸ್ಕ್ವೇರ್ ಸಂಖ್ಯೆ.

ಒಟ್ಟು ಕೂಡುವ ಮೊದಲು ಬಿಡಿ ಮನೆಗಳ ಮೇಲೂ ಒಮ್ಮೆ ಕಣ್ಣಾಡಿಸಬೇಕು. 8.28ರಲ್ಲಿ ಸುಮಾರು 6.46 ಬಂದಿರುವುದು ಮೇಲಿನ ಗುಂಪು ಮತ್ತು ಫೇಲ್ ಸಾಲುಗಳಿಂದ. ನಡುವಿನ ಬಿ, ಸಿ ಸಾಲುಗಳ ಪಾಲು ಕಡಿಮೆ. ಅಂದರೆ ಎರಡು ಸೆಕ್ಷನ್‌ಗಳು ಮುಖ್ಯವಾಗಿ ಬೇರೆಯಾಗಿರುವುದು ತುದಿಗಳಲ್ಲಿ. ಬರೀ ಒಟ್ಟನ್ನು ನೋಡಿ ಮುಂದೆ ಹೋಗುವವರಿಗೆ ಈ ಮಾಹಿತಿ ತಪ್ಪಿಹೋಗುತ್ತದೆ.

8.28 ದೊಡ್ಡದೋ ಚಿಕ್ಕದೋ? ಇದಕ್ಕೆ ಉತ್ತರ ಕೊಡುವುದರಲ್ಲಿ ಈ ಪರೀಕ್ಷೆಯನ್ನು ಹುಟ್ಟುಹಾಕಿದವರೇ ತಪ್ಪಿದ್ದರು. ಲಂಡನ್ನಿನ ಕಾರ್ಲ್ ಪಿಯರ್ಸನ್ 1900ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ನಮ್ಮಂಥ ಎಂಟು ಮನೆಗಳ ಕೋಷ್ಟಕದಲ್ಲಿ ಎಂಟರಿಂದ ಒಂದು ಕಳೆದು, ಏಳು ಮನೆಗಳು ಸ್ವತಂತ್ರ ಎಂದು ಅವರು ಲೆಕ್ಕ ಹಿಡಿಯುತ್ತಿದ್ದರು. ರೊನಾಲ್ಡ್ ಫಿಷರ್ 1922ರಲ್ಲಿ ಇದು ತಪ್ಪೆಂದು ತೋರಿಸಿದರು. ಪಿಯರ್ಸನ್ ಒಪ್ಪಲಿಲ್ಲ, ಇಬ್ಬರ ನಡುವೆ ಕಹಿ ಉಳಿಯಿತು. ಆದರೆ ಫಿಷರ್ ಹೇಳಿದ್ದು ಸರಿ ಎಂಬುದನ್ನು ನಮ್ಮ ಕೋಷ್ಟಕದಲ್ಲೇ ಪರೀಕ್ಷಿಸಿ ನೋಡಬಹುದು. ಅಂಚಿನ ಒಟ್ಟುಗಳನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಎಂಟೂ ಸಂಖ್ಯೆಗಳನ್ನು ಅಳಿಸಿ. ಬೆಳಗಿನ ಸೆಕ್ಷನ್‌ನಲ್ಲಿ ಮೊದಲ ಮೂರು ಸಂಖ್ಯೆಗಳಾದ 15, 25, 19ನ್ನು ತುಂಬಿ. ನಾಲ್ಕನೆಯದು 7 ಆಗಲೇಬೇಕು, ಏಕೆಂದರೆ ಒಟ್ಟು 66 ಇದೆ. ಮಧ್ಯಾಹ್ನದ ಸೆಕ್ಷನ್‌ನ ನಾಲ್ಕೂ ಸಂಖ್ಯೆಗಳು ಸಾಲಿನ ಒಟ್ಟುಗಳಿಂದ ತಾವೇ ಬಂದುಬಿಡುತ್ತವೆ. ನಮ್ಮ ಇಷ್ಟಕ್ಕೆ ತುಂಬಲು ಸಿಕ್ಕಿದ್ದು ಮೂರೇ ಮನೆ. ಈ ಮೂರನ್ನೇ ಡಿಗ್ರೀಸ್ ಆಫ್ ಫ್ರೀಡಂ ಎನ್ನುವುದು. ಎರಡು ಸೆಕ್ಷನ್‌ಗಳ ಹೋಲಿಕೆಯಲ್ಲಿ ಅದು ಯಾವಾಗಲೂ ಗ್ರೇಡುಗಳ ಸಂಖ್ಯೆಗಿಂತ ಒಂದು ಕಡಿಮೆ.

ಇದು ಬರೀ ಪಂಡಿತರ ಜಗಳವಾಗಿರಲಿಲ್ಲ. ಡಿಗ್ರಿ ಮೂರಾದರೆ, ಶೇ 5ರ ಗಡಿರೇಖೆ 7.815ರಲ್ಲಿದೆ. ನಮ್ಮ 8.28 ಅದನ್ನು ದಾಟುತ್ತದೆ. ಪಿಯರ್ಸನ್ನರ ಲೆಕ್ಕದಂತೆ ಏಳಾದರೆ ಗಡಿ 14.067, ನಮ್ಮ ಸಂಖ್ಯೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಅದೇ ಹುಡುಗರು, ಅದೇ ಗ್ರೇಡುಗಳು, ತೀರ್ಪು ಮಾತ್ರ ತಿರುಗಿಬಿದ್ದಿರುತ್ತಿತ್ತು.

ಸರಿಯಾದ ಲೆಕ್ಕದಲ್ಲಿ ಸಿಗುವ ಪಿ-ವ್ಯಾಲ್ಯೂ 0.04. ಚೀಟಿಗಳ ಭಾಷೆಯಲ್ಲಿ ಹೇಳುವುದಾದರೆ, ಕಣ್ಣು ಮುಚ್ಚಿ ಹಂಚಿದರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಏರುಪೇರು ನೂರು ಸಲದಲ್ಲಿ ಸುಮಾರು ನಾಲ್ಕು ಸಲ ಬರುತ್ತದೆ. ಸೆಕ್ಷನ್‌ಗಳು ಒಂದೇ ಆಗಿರುವ ಸಾಧ್ಯತೆ ಶೇ 4 ಎಂದು ಇದನ್ನು ಓದಬಾರದು. ಎಷ್ಟೋ ವರದಿಗಳು ಹಾಗೆ ಓದುತ್ತವೆ, ಅದು ತಪ್ಪು. ಒಂದೇ ಆಗಿದ್ದರೆ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಹಾಕಿದ ಲೆಕ್ಕ ಇದು.

ಕಂಪ್ಯೂಟರಿನಲ್ಲಿ ಮಾಡುವವರು ಎಕ್ಸೆಲ್ ಹಾಳೆಯ ಒಂದು ಕಡೆ ಬಂದ ಸಂಖ್ಯೆಗಳನ್ನೂ ಇನ್ನೊಂದು ಕಡೆ ನಿರೀಕ್ಷಿತ ಸಂಖ್ಯೆಗಳನ್ನೂ ಬರೆದು, ಖಾಲಿ ಮನೆಯಲ್ಲಿ ಹೀಗೆ ಹಾಕಿದರೆ ಸಾಕು:

```
=CHISQ.TEST(B2:C5, E2:F5)
```

ಇದು ಕೊಡುವುದು 8.28 ಅಲ್ಲ, ನೇರವಾಗಿ ಪಿ-ವ್ಯಾಲ್ಯೂ, ಅಂದರೆ 0.0405. ನಿರೀಕ್ಷಿತ ಸಂಖ್ಯೆಗಳನ್ನು ನಾವೇ ಲೆಕ್ಕ ಹಾಕಿ ಕೊಡಬೇಕು. ಇಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ತಲೆ ಎಣಿಕೆಯ ಬದಲು ಶೇಕಡಾವಾರುಗಳನ್ನು ತುಂಬಿಬಿಡುತ್ತಾರೆ. ನಮ್ಮ ಕೋಷ್ಟಕಕ್ಕೆ ಹಾಗೆ ಮಾಡಿದರೆ 8.28ರ ಜಾಗದಲ್ಲಿ ಸುಮಾರು 13.96 ಬರುತ್ತದೆ. ಶೇಕಡಾ ಹಾಕಿದ ಕೂಡಲೇ ಪ್ರತಿ ಸೆಕ್ಷನ್‌ನಲ್ಲೂ ನೂರು ಜನ ಇದ್ದಾರೆಂದು ಲೆಕ್ಕ ನಂಬುತ್ತದೆ, ಇಲ್ಲದ 80 ಜನರ ಸಾಕ್ಷಿಯನ್ನು ಸೇರಿಸಿಕೊಳ್ಳುತ್ತದೆ. ಈ ಪರೀಕ್ಷೆಗೆ ಬೇಕಾದದ್ದು ಯಾವಾಗಲೂ ಜನರ ಎಣಿಕೆ.

ಇನ್ನು ನಾನು ಆರಂಭದಲ್ಲಿ ಹಗುರವಾಗಿ ಹೇಳಿ ಬಿಟ್ಟ ಒಂದು ಮಾತಿಗೆ ಬರುತ್ತೇನೆ. ಓ ಮತ್ತು ಎ ಗ್ರೇಡುಗಳನ್ನು ಕೂಡಿಸಿದ್ದು ಯಾಕೆ? ಈ ಲೆಕ್ಕ ಒಂದು ಅಂದಾಜು, ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ ತೀರಾ ಸಣ್ಣದಾದರೆ ಅಂದಾಜು ಕೆಡುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರತಿ ಮನೆಯಲ್ಲೂ ನಿರೀಕ್ಷೆ ಐದಾದರೂ ಇರಲಿ ಎನ್ನುತ್ತವೆ. ನಮ್ಮ ಉದಾಹರಣೆಯಲ್ಲಿ ಓ ಗ್ರೇಡು ಪಡೆದವರು ನಾಲ್ಕೇ ಜನ ಎಂದಿಟ್ಟುಕೊಳ್ಳಿ, ಬೆಳಗಿನವರಲ್ಲಿ ಮೂವರು, ಮಧ್ಯಾಹ್ನದವರಲ್ಲಿ ಒಬ್ಬರು. ಎ ಪಡೆದವರು 12 ಮತ್ತು 4. ಓ ಸಾಲಿನ ನಿರೀಕ್ಷೆ 2.2 ಮತ್ತು 1.8 ಆಗುತ್ತದೆ, ಐದಕ್ಕಿಂತ ಕಡಿಮೆ. ಆದ್ದರಿಂದ ಎ ಜೊತೆ ಕೂಡಿಸಿದೆವು. ಸರಿ. ಆದರೆ ವಿಲಿಯಂ ಕಾಕ್ರನ್ 1954ರಲ್ಲಿ ಇದಕ್ಕಿಂತ ಸಡಿಲವಾದ ನಿಯಮ ಹೇಳಿದ್ದಾರೆ. ಐದರಲ್ಲಿ ಒಂದು ಪಾಲು ಮನೆಗಳವರೆಗೆ ಐದಕ್ಕಿಂತ ಕಡಿಮೆ ಇದ್ದರೂ ಪರವಾಗಿಲ್ಲ, ಒಂದಕ್ಕಿಂತ ಕಡಿಮೆ ಮಾತ್ರ ಎಲ್ಲೂ ಇರಬಾರದು. ನಮ್ಮಲ್ಲಿ ಹತ್ತು ಮನೆಗಳಲ್ಲಿ ಎರಡು ಮಾತ್ರ ಸಣ್ಣವು. ಕಾಕ್ರನ್ನರ ಪ್ರಕಾರ ಓ ಗ್ರೇಡನ್ನು ಬೇರೆಯಾಗಿ ಇಡಬಹುದು.

ಇಟ್ಟು ನೋಡಿ. ಕೈ-ಸ್ಕ್ವೇರ್ ಸಂಖ್ಯೆ ಮತ್ತೆ 8.28, ಕಿಂಚಿತ್ತೂ ಬದಲಾಗಲಿಲ್ಲ, ಏಕೆಂದರೆ ಓ ಮತ್ತು ಎ ಎರಡರಲ್ಲೂ ಸೆಕ್ಷನ್‌ಗಳ ಪಾಲು ಮೂರಕ್ಕೆ ಒಂದೇ ಇದೆ. ಆದರೆ ಗ್ರೇಡುಗಳು ಈಗ ಐದು, ಡಿಗ್ರಿ ನಾಲ್ಕು, ಗಡಿರೇಖೆ 9.488. ಪಿ-ವ್ಯಾಲ್ಯೂ 0.04ರಿಂದ 0.08ಕ್ಕೆ ಏರಿತು. ಕೂಡಿಸಿದರೆ ಅಂತರ ಗಣನೀಯ, ಕೂಡಿಸದಿದ್ದರೆ ಅಲ್ಲ. ಎರಡಕ್ಕೂ ಪುಸ್ತಕದ ಬೆಂಬಲ ಇದೆ. ದೂರು ತಂದವರ ಪರ ಇರುವವರು ಒಂದು ಕೋಷ್ಟಕ ಹಿಡಿಯಬಹುದು, ಮೇಷ್ಟ್ರ ಪರ ಇರುವವರು ಇನ್ನೊಂದು. ಆದ್ದರಿಂದ ಯಾವ ಗ್ರೇಡನ್ನು ಯಾವುದರ ಜೊತೆ ಕೂಡಿಸಬೇಕು ಎಂಬುದನ್ನು ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು. ನೋಡಿದ ಮೇಲೆ ಕೂಡಿಸಿದವರ ಪಿ-ವ್ಯಾಲ್ಯೂಗೆ ನಾನು ಬೆಲೆ ಕೊಡುವುದಿಲ್ಲ.

ಇಷ್ಟು ಸುಲಭವಾಗಿ ತೀರ್ಪು ಅಲುಗಾಡುವುದಕ್ಕೆ ಇನ್ನೂ ಆಳದ ಕಾರಣವೊಂದಿದೆ. ಓ ದೊಡ್ಡದು, ಫೇಲ್ ಕೆಳಗಿನದು ಎಂಬುದು ಕೈ-ಸ್ಕ್ವೇರ್‌ಗೆ ಗೊತ್ತೇ ಇಲ್ಲ. ಕೋಷ್ಟಕದ ಸಾಲುಗಳನ್ನು ಮೇಲೆ ಕೆಳಗೆ ಮಾಡಿ, ಫೇಲನ್ನು ನಡುವೆ ತಂದಿಟ್ಟರೂ ಅದು 8.28 ಎಂದೇ ಹೇಳುತ್ತದೆ. ಹುಡುಗರ ಇಷ್ಟದ ಬಣ್ಣಗಳನ್ನು ಹೋಲಿಸುವಾಗ ಇದು ಸರಿ, ಬಣ್ಣಗಳಿಗೆ ಮೇಲು ಕೀಳಿಲ್ಲ. ಗ್ರೇಡುಗಳಿಗೆ ಕ್ರಮ ಇದೆ, ನಮ್ಮ ಅನುಮಾನವೂ ಆ ಕ್ರಮದ ಬಗ್ಗೆಯೇ: ಒಂದು ಸೆಕ್ಷನ್ ಒಟ್ಟಾರೆ ಮೇಲಿದೆಯೇ? ಆ ಪ್ರಶ್ನೆಗೆ ತಕ್ಕ ಪರೀಕ್ಷೆಯನ್ನು ಕಾಕ್ರನ್ 1954ರಲ್ಲಿ, ಪೀಟರ್ ಆರ್ಮಿಟೇಜ್ 1955ರಲ್ಲಿ ವಿವರಿಸಿದರು. ಗ್ರೇಡುಗಳಿಗೆ ಮೇಲಿನಿಂದ 3, 2, 1, 0 ಎಂದು ಅಂಕ ಕೊಟ್ಟು, ಸೆಕ್ಷನ್‌ಗಳ ಸರಾಸರಿಗಳ ಅಂತರವನ್ನು ಅದು ತೂಗುತ್ತದೆ. ನಮ್ಮಲ್ಲಿ ಬೆಳಗಿನವರ ಸರಾಸರಿ 1.73, ಮಧ್ಯಾಹ್ನದವರದ್ದು 1.22. ಬರುವ ಸಂಖ್ಯೆ 8.26, ಡಿಗ್ರಿ ಒಂದೇ ಒಂದು, ಗಡಿರೇಖೆ 3.841. ಆಕಸ್ಮಿಕವಾಗಿ ಇಷ್ಟು ಬರುವುದು ಸಾವಿರಕ್ಕೆ ನಾಲ್ಕು ಸಲ. ಓ ಗ್ರೇಡನ್ನು ಬೇರೆ ಮಾಡಿ ಐದು ಹಂತ ಇಟ್ಟರೂ ಸಂಖ್ಯೆ 8.01, ಸಾವಿರಕ್ಕೆ ಸುಮಾರು ಐದು ಸಲ. ಕೂಡಿಸಿದರೂ ಬಿಡಿಸಿದರೂ ತೀರ್ಪು ಬದಲಾಗಲಿಲ್ಲ.

ಮೂರು ಮನೆಗಳಿಗೆ ಹರಡಿಕೊಂಡಿದ್ದ 8.28ರಲ್ಲಿ ಹೆಚ್ಚುಕಡಿಮೆ ಪೂರ್ತಿ ಭಾಗ ಒಂದೇ ದಿಕ್ಕಿನದು ಎಂದು ಈಗ ತಿಳಿಯಿತು. ಬೆಳಗಿನ ಸೆಕ್ಷನ್ ಮೆಟ್ಟಿಲು ಮೆಟ್ಟಿಲಾಗಿ ಮೇಲಿದೆ. ಗ್ರೇಡುಗಳ ಹೋಲಿಕೆಗೆ ಬರೀ ಕೈ-ಸ್ಕ್ವೇರ್ ಮಾಡಿ ನಿಲ್ಲಿಸುವವರು ಕೈಯಲ್ಲಿರುವ ಸಾಕ್ಷ್ಯವನ್ನು ಪೋಲು ಮಾಡುತ್ತಾರೆ ಎಂದೇ ನನ್ನ ಅಭಿಪ್ರಾಯ. ಅಂದಹಾಗೆ, ಪಿಯರ್ಸನ್ನರ ಪರೀಕ್ಷೆ ಮತ್ತು ಈ ಕ್ರಮದ ಪರೀಕ್ಷೆ ಎರಡೂ ಒಂದೇ ತತ್ತ್ವದ ಕವಲುಗಳು. ಸ್ಕೋರ್ ಪರೀಕ್ಷೆ ಎಂದು ಹೆಸರಾದ ಆ ತತ್ತ್ವವನ್ನು 1948ರಲ್ಲಿ ಕಟ್ಟಿಕೊಟ್ಟವರು ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಕೇಂಬ್ರಿಜ್‌ನಲ್ಲಿ ಅವರ ಪಿಎಚ್.ಡಿ. ಮಾರ್ಗದರ್ಶಕರಾಗಿದ್ದವರು ಇದೇ ಫಿಷರ್.

ಹಾಗಾದರೆ ಮಧ್ಯಾಹ್ನದ ಸೆಕ್ಷನ್‌ಗೆ ಅನ್ಯಾಯ ಆಗಿದೆ ಎನ್ನಬಹುದೇ? ಇಲ್ಲ. ಅಂತರ ಬರೀ ಹಂಚಿಕೆಯ ಆಟವಲ್ಲ ಎಂಬಷ್ಟಕ್ಕೆ ಲೆಕ್ಕ ನಿಲ್ಲುತ್ತದೆ. ಯಾಕೆ ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಚೀಟಿಗಳನ್ನು ಕಣ್ಣು ಮುಚ್ಚಿ ಹಂಚಿದಂತೆ ಯಾವ ಕಾಲೇಜೂ ಹುಡುಗರನ್ನು ಸೆಕ್ಷನ್‌ಗಳಿಗೆ ಹಂಚುವುದಿಲ್ಲ. ಅಡ್ಮಿಷನ್ ಪಟ್ಟಿಯ ಕ್ರಮದಲ್ಲಿ ಮೊದಲು ಬಂದವರನ್ನು ಬೆಳಗಿಗೆ ಹಾಕಿರಬಹುದು, ಹೆಚ್ಚು ಅಂಕ ಇದ್ದವರೇ ಮೊದಲು ಬಂದಿರಬಹುದು. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಮಧ್ಯಾಹ್ನದ ಸೆಕ್ಷನ್ ಕೇಳಿರಬಹುದು. ಇದನ್ನು ತಿಳಿಯಲು ಸುಲಭದ ದಾರಿ, ಅದೇ ಎರಡು ಸೆಕ್ಷನ್‌ಗಳ ಪಿಯುಸಿ ಅಥವಾ ಹಿಂದಿನ ಸೆಮಿಸ್ಟರಿನ ಫಲಿತಾಂಶಕ್ಕೂ ಇದೇ ಪರೀಕ್ಷೆ ಮಾಡುವುದು. ಅಲ್ಲೂ ಇಷ್ಟೇ ಅಂತರ ಕಂಡರೆ ಈ ಪೇಪರಿನ ಮೇಷ್ಟ್ರನ್ನು ದೂರಲು ಕಾರಣವಿಲ್ಲ.

ಇನ್ನೊಂದು ಉಪಯೋಗದ ಹೆಜ್ಜೆಯಿದೆ. ಇಂಟರ್ನಲ್ ಅಂಕಗಳನ್ನು ಕೊಡುವವರು ಆಯಾ ಸೆಕ್ಷನ್‌ನ ಮೇಷ್ಟ್ರು, ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವವರು ಬೇರೆಯವರು ಎಂದಾದರೆ ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ. ಸೆಮಿಸ್ಟರ್ ಪರೀಕ್ಷೆಯಲ್ಲಿ ಸೆಕ್ಷನ್‌ಗಳು ಸಮನಾಗಿದ್ದು ಇಂಟರ್ನಲ್‌ನಲ್ಲಿ ಮಾತ್ರ ಅಂತರ ಇದ್ದರೆ, ಒಬ್ಬರ ಕೈ ಧಾರಾಳ, ಇನ್ನೊಬ್ಬರ ಕೈ ಬಿಗಿ ಎಂಬ ಅನುಮಾನಕ್ಕೆ ಆಧಾರ ಸಿಗುತ್ತದೆ. ಎರಡರಲ್ಲೂ ಅಂತರ ಇದ್ದರೆ ಕಲಿಕೆಯಲ್ಲೇ ವ್ಯತ್ಯಾಸ ಇರಬಹುದು. ತರಗತಿಯೊಳಗಿನ ಸ್ಥಾನ ನೋಡಿ ಮೇಲಿನ ಇಷ್ಟು ಜನಕ್ಕೆ ಎ, ನಂತರದ ಇಷ್ಟು ಜನಕ್ಕೆ ಬಿ ಎಂದು ಪ್ರತಿ ಸೆಕ್ಷನ್‌ನಲ್ಲೂ ಪಾಲು ಮಾಡಿ ಗ್ರೇಡು ಕೊಡುವ ಕಡೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ಅಲ್ಲಿ ಹಂಚಿಕೆ ಮೊದಲೇ ನಿಗದಿಯಾಗಿರುತ್ತದೆ.

ಪರೀಕ್ಷೆ ನಿಂತಿರುವುದು ಪ್ರತಿ ವಿದ್ಯಾರ್ಥಿಯ ಗ್ರೇಡೂ ಬಿಡಿಯಾದದ್ದು ಎಂಬ ನಂಬಿಕೆಯ ಮೇಲೆ. ಐದೈದು ಜನರ ಪ್ರಾಜೆಕ್ಟ್ ತಂಡಕ್ಕೆ ಒಂದೇ ಅಂಕ ಕೊಟ್ಟಿದ್ದರೆ 66 ಜನ ಎಂದರೂ ನಿಜಕ್ಕೂ ಇರುವುದು ಹದಿಮೂರು ಹದಿನಾಲ್ಕು ತಂಡಗಳ ಅಂಕ. ಆಗ 8.28 ತನ್ನ ಯೋಗ್ಯತೆಗಿಂತ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ಮೋಸವೂ ಇದೆ. ಇದೇ ಶೇಕಡಾ ಪ್ರಮಾಣಗಳನ್ನು ಇಟ್ಟುಕೊಂಡು ಸೆಕ್ಷನ್‌ಗಳನ್ನು ಅರ್ಧ ಮಾಡಿದರೆ, ಅಂದರೆ 33 ಮತ್ತು 27 ಜನ ಇದ್ದರೆ, ಸಂಖ್ಯೆಯೂ ಅರ್ಧವಾಗಿ 4.14ಕ್ಕೆ ಇಳಿಯುತ್ತದೆ, ಗಡಿ ದಾಟುವುದಿಲ್ಲ. ಚಿಕ್ಕ ತರಗತಿಗಳಲ್ಲಿ "ಗಣನೀಯ ಅಂತರ ಇಲ್ಲ" ಎಂದು ಬಂದರೆ ಸೆಕ್ಷನ್‌ಗಳು ಸಮನಾಗಿವೆ ಎಂದು ಅರ್ಥವಲ್ಲ, ಹೇಳುವಷ್ಟು ಸಾಕ್ಷ್ಯ ಇಲ್ಲ ಎಂದಷ್ಟೇ.

ನಿಮ್ಮ ಕಾಲೇಜಿನಲ್ಲಿ ಇಂಥ ವರದಿ ಯಾರಾದರೂ ಮುಂದಿಟ್ಟರೆ ಪಿ-ವ್ಯಾಲ್ಯೂ ಒಂದನ್ನೇ ನೋಡಿ ಒಪ್ಪಬೇಡಿ. ತಲೆ ಎಣಿಕೆಯ ಪೂರ್ತಿ ಕೋಷ್ಟಕ ಕೇಳಿ, ಗ್ರೇಡುಗಳನ್ನು ಯಾವಾಗ ಕೂಡಿಸಿದರು ಎಂದು ಕೇಳಿ, ಹುಡುಗರು ಆ ಸೆಕ್ಷನ್‌ಗಳಿಗೆ ಬಂದದ್ದು ಹೇಗೆ ಎಂದು ಕೇಳಿ.